ಊರು ಬದಲಾದರೆ ಸಂಬಳ ಯಾಕೆ ಇಳಿಯುತ್ತದೆ, ಇಳಿಸಿದರೆ ಏನು ಕೇಳಬೇಕು

ಶಿವಮೊಗ್ಗದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವ ಗೆಳೆಯರೆಲ್ಲ ಸೇರಿದ್ದಾಗ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಬಹಳ ವರ್ಷ ಕಂಪನಿಗಳಲ್ಲಿ ಸಂಬಳ ನಿಗದಿ ಮಾಡುವ ಟೀಮಿನಲ್ಲಿ ಕೆಲಸ ಮಾಡಿದವನು. ಯಾರಿಗೆ ಎಷ್ಟು ಕೊಡಬೇಕು, ಯಾವ ಊರಿಗೆ ಯಾವ ಲೆಕ್ಕ, ಇದೇ ನನ್ನ ಕೆಲಸ. ಇಲ್ಲಿ ಕೂತಿರುವವರಲ್ಲಿ ತುಂಬಾ ಜನ ಬೆಂಗಳೂರು ಬಿಟ್ಟು ಊರಿಗೆ ಬಂದಿದ್ದೀರಿ. ಕೆಲವರಿಗೆ "ನಿಮ್ಮ ಲೊಕೇಶನ್ ಬದಲಾಗಿದೆ, ಹಾಗಾಗಿ ಸಂಬಳ ಪರಿಷ್ಕರಿಸುತ್ತಿದ್ದೇವೆ" ಅಂತ ಪತ್ರ ಬಂದಿದೆ. ಇನ್ನು ಕೆಲವರಿಗೆ ಬರಬಹುದು ಅನ್ನೋ ಭಯ ಇದೆ. ಆ ಪತ್ರ ಬರೆಯುವಾಗ ಎಚ್‌ಆರ್‌ನವರ ಮುಂದೆ ಯಾವ ಹಾಳೆ ಇರುತ್ತದೆ, ಅದರಲ್ಲಿ ಏನು ಬರೆದಿರುತ್ತದೆ ಅಂತ ಗೊತ್ತಾದರೆ ನೀವು ಮಾತಾಡುವ ರೀತಿಯೇ ಬೇರೆ ಆಗುತ್ತದೆ. ಇವತ್ತು ಅದನ್ನೇ ಹೇಳುತ್ತೇನೆ.

ಮೊದಲು ಒಂದು ವಿಷಯ. ಊರಿನಲ್ಲಿ ಖರ್ಚು ಕಡಿಮೆ, ಅದಕ್ಕೇ ಸಂಬಳ ಕಡಿಮೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಎಷ್ಟೋ ಸಲ ಮ್ಯಾನೇಜರ್‌ಗಳೂ ಹಾಗೇ ಹೇಳುತ್ತಾರೆ, ಕೇಳೋಕೆ ನ್ಯಾಯವಾಗಿಯೂ ಕಾಣುತ್ತದೆ. ಆದರೆ ಲೆಕ್ಕ ನಡೆಯೋದು ಹಾಗಲ್ಲ. ಕಂಪನಿ ನಿಮ್ಮ ಖರ್ಚು ನೋಡುವುದಿಲ್ಲ. ಆ ಊರಿನಲ್ಲಿ ಈ ಕೆಲಸಕ್ಕೆ ಜನ ಎಷ್ಟು ಸಂಬಳಕ್ಕೆ ಸಿಗುತ್ತಾರೆ ಅಂತ ಮಾತ್ರ ನೋಡುತ್ತದೆ. ಅಡಿಕೆ ಮಂಡಿಯಲ್ಲಿ ಖರೀದಿದಾರ ನಿಮ್ಮ ಮನೆಯ ಖರ್ಚು ಕೇಳಿ ರೇಟು ಕೂಗುತ್ತಾನಾ? ಇಲ್ಲ. ಇವತ್ತು ರಾಶಿ ಎಷ್ಟಕ್ಕೆ ಹೋಗುತ್ತಿದೆ ಅಂತ ನೋಡಿ ಕೂಗುತ್ತಾನೆ. ಇಲ್ಲೂ ಅಷ್ಟೇ.

ಖರ್ಚೇ ಕಾರಣ ಆಗಿದ್ದರೆ ಮುಂಬೈನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಬೆಂಗಳೂರಿಗಿಂತ ಎಷ್ಟೋ ಜಾಸ್ತಿ ಸಂಬಳ ಇರಬೇಕಿತ್ತು, ಯಾಕೆಂದರೆ ಅಲ್ಲಿ ಮನೆ ಬಾಡಿಗೆ ಹಾಗಿದೆ. ಹಾಗಿಲ್ಲ, ಅಲ್ವಾ? ಲಂಡನ್‌ನಲ್ಲಿ ಬದುಕೋದು ಏನೂ ಅಗ್ಗ ಅಲ್ಲ, ಆದರೂ ಅಲ್ಲಿಯ ಎಂಜಿನಿಯರ್ ಸಂಬಳ ಸ್ಯಾನ್ ಫ್ರಾನ್ಸಿಸ್ಕೊ ಸಂಬಳದ ಹತ್ತಿರವೂ ಬರುವುದಿಲ್ಲ. ಬೆಂಗಳೂರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಬಳ ಏರಿದ್ದು ಒಬ್ಬನೇ ಎಂಜಿನಿಯರ್‌ಗೆ ಹತ್ತು ಕಂಪನಿ ಕೈ ಹಾಕುವುದರಿಂದ. ಇದು ಯಾಕೆ ಮುಖ್ಯ ಅಂದರೆ, ಕಡಿತದ ಪತ್ರ ಬಂದಾಗ ನಮ್ಮವರು ಮೊದಲು ಮಾಡೋದೇ ಖರ್ಚಿನ ಪಟ್ಟಿ ಕೊಡೋದು. ಮನೆ ಸಾಲದ ಇಎಂಐ ಇದೆ, ಅಪ್ಪನ ಔಷಧಿ ಖರ್ಚಿದೆ, ಇಲ್ಲಿ ಇಂಟರ್ನೆಟ್‌ಗೆ ಎರಡೆರಡು ಕನೆಕ್ಷನ್ ಇಟ್ಟುಕೊಂಡಿದ್ದೇನೆ ಅಂತ. ಎಲ್ಲಾ ನಿಜ. ಆದರೆ ಎಚ್‌ಆರ್ ಹಾಳೆಯಲ್ಲಿ ಅದನ್ನು ಬರೆಯೋಕೆ ಕಾಲಮ್ಮೇ ಇಲ್ಲ. ಅವರು ಮರುಕ ತೋರಿಸುತ್ತಾರೆ, ಸಂಖ್ಯೆ ಬದಲಾಗುವುದಿಲ್ಲ.

ಹಾಗಾದರೆ ಆ ಹಾಳೆಗೆ ಸಂಖ್ಯೆ ಎಲ್ಲಿಂದ ಬರುತ್ತದೆ? ರ್‍ಯಾಡ್‌ಫರ್ಡ್, ಮರ್ಸರ್ ಥರದ ಸಂಬಳ ಸಮೀಕ್ಷೆಗಳಿವೆ. ಕಂಪನಿಗಳು ತಮ್ಮ ನೌಕರರ ಸಂಬಳದ ಮಾಹಿತಿಯನ್ನು ಹೆಸರಿಲ್ಲದೆ ಅವಕ್ಕೆ ಕೊಡುತ್ತವೆ. ಎಲ್ಲರ ಮಾಹಿತಿ ಒಟ್ಟುಗೂಡಿ ಬಂದದ್ದನ್ನು ದುಡ್ಡು ಕೊಟ್ಟು ಪಡೆಯುತ್ತವೆ. ಈ ಕೆಲಸ, ಈ ಹಂತ, ಈ ಜಾಗ, ಮಧ್ಯದ ಸಂಬಳ ಇಷ್ಟು, ಮೇಲಿನ ಕಾಲು ಭಾಗದವರದ್ದು ಇಷ್ಟು ಅಂತ ಅದರಲ್ಲಿ ಇರುತ್ತದೆ. ಕಂಪನಿ ತಾನು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡಿ ಪ್ರತಿ ಹಂತಕ್ಕೂ ಒಂದು ಬ್ಯಾಂಡ್ ಮಾಡುತ್ತದೆ. ಬ್ಯಾಂಡ್ ಅಂದರೆ ಕನಿಷ್ಠ, ಮಿಡ್‌ಪಾಯಿಂಟ್, ಗರಿಷ್ಠ. ಆಮೇಲೆ ಊರುಗಳನ್ನು ಮೂರೋ ನಾಲ್ಕೋ ಜೋನ್ ಮಾಡಿ, ಒಂದನೇ ಜೋನ್ ನೂರು ಅಂತಾದರೆ ಎರಡನೆಯದು ತೊಂಬತ್ತು, ಮೂರನೆಯದು ಎಂಬತ್ತೈದು, ಹೀಗೆ ಒಂದು ಗುಣಕ ಇಡುತ್ತದೆ. ಗಿಟ್‌ಲ್ಯಾಬ್ ಕಂಪನಿ ಇದನ್ನೆಲ್ಲ ತನ್ನ ಸಾರ್ವಜನಿಕ ಕೈಪಿಡಿಯಲ್ಲಿ ಬರೆದಿಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಸಂಬಳವನ್ನು ಆಧಾರವಾಗಿ ಇಟ್ಟುಕೊಂಡು, ಅದಕ್ಕೆ ಊರಿನ ಗುಣಕ, ಹಂತದ ಗುಣಕ ಎಲ್ಲ ಸೇರಿಸಿ ಗುಣಿಸೋದು. ಅವರು ಕೊಟ್ಟ ಕಾರಣವೂ ನೇರವಾಗಿತ್ತು. ಎಲ್ಲರಿಗೂ ದುಬಾರಿ ಊರಿನ ಸಂಬಳ ಕೊಟ್ಟರೆ ಖರ್ಚು ಏರುತ್ತದೆ, ಅಷ್ಟೇ ದುಡ್ಡಿಗೆ ಕಡಿಮೆ ಜನ ಸಿಗುತ್ತಾರೆ. ನನಗೆ ಇದು ಒಪ್ಪಿಗೆ ಅಲ್ಲ, ಆದರೆ ಪ್ರಾಮಾಣಿಕ ಉತ್ತರ.

ಇದು ದೊಡ್ಡ ಸುದ್ದಿ ಆಗಿದ್ದು ಕೊರೊನಾ ಕಾಲದಲ್ಲಿ. 2020ರ ಮೇ ತಿಂಗಳಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್, ಬೇರೆ ಊರಿಗೆ ಹೋದವರು ಕಂಪನಿಗೆ ತಿಳಿಸಬೇಕು, ಸಂಬಳ ಆ ಊರಿಗೆ ತಕ್ಕಂತೆ ಬದಲಾಗುತ್ತದೆ ಅಂತ ಹೇಳಿದರು. ಅದೇ ವರ್ಷ ವಿಎಂವೇರ್ ಕಂಪನಿಯವರು ಪಾಲೊ ಆಲ್ಟೊ ಬಿಟ್ಟು ಡೆನ್ವರ್‌ಗೆ ಹೋದರೆ 18% ಕಡಿತ ಅಂತ ಲೆಕ್ಕ ಇಟ್ಟಿದ್ದರು. ಸ್ಟ್ರೈಪ್ ಕಂಪನಿ ಬೇರೆ ದಾರಿ ಹಿಡಿಯಿತು. ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್, ಸಿಯಾಟಲ್ ಬಿಟ್ಟು ಹೋಗುವವರಿಗೆ ಒಂದು ಸಲ 20,000 ಡಾಲರ್ ಕೊಡುತ್ತೇವೆ, ಆದರೆ ಮೂಲ ಸಂಬಳ 10%ವರೆಗೆ ಇಳಿಯಬಹುದು ಅಂದಿತು. 2021ರಲ್ಲಿ ಗೂಗಲ್ ನೌಕರರಿಗೆ ಒಂದು ಕ್ಯಾಲ್ಕುಲೇಟರ್ ಕೊಟ್ಟಿತು. ನ್ಯೂಯಾರ್ಕ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರ ಇರುವ ಸ್ಟ್ಯಾಮ್‌ಫರ್ಡ್ ಊರಿನವರು ಪೂರ್ತಿ ಮನೆಯಿಂದ ಕೆಲಸ ಮಾಡಿದರೆ 15% ಕಡಿತ ಅಂತ ಅದು ತೋರಿಸಿದ್ದನ್ನು ರಾಯಿಟರ್ಸ್ ಬರೆಯಿತು. ಅದೇ ಆಫೀಸಿನ ಇನ್ನೊಬ್ಬರು ನ್ಯೂಯಾರ್ಕ್ ಊರೊಳಗೇ ಮನೆಯಲ್ಲಿ ಕೂತರೆ ಏನೂ ಕಡಿತ ಇಲ್ಲ. ಇಬ್ಬರೂ ಮಾಡೋದು ಒಂದೇ ಕೆಲಸ.

ಇದೇ ಕಾಲದಲ್ಲಿ ಉಲ್ಟಾ ಹೋದವರೂ ಇದ್ದಾರೆ. ರೆಡ್ಡಿಟ್ 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಒಳಗೆ ಜೋನ್ ಪದ್ಧತಿಯನ್ನೇ ತೆಗೆದುಹಾಕಿತು. ಏರ್‌ಬಿಎನ್‌ಬಿ 2022ರಲ್ಲಿ, ದೇಶದೊಳಗೆ ಎಲ್ಲಿಗೆ ಹೋದರೂ ಸಂಬಳ ಬದಲಾಗುವುದಿಲ್ಲ ಅಂತ ಘೋಷಿಸಿತು. 37ಸಿಗ್ನಲ್ಸ್ ಥರದ ಸಣ್ಣ ಕಂಪನಿ ಎಲ್ಲಿದ್ದರೂ ಸ್ಯಾನ್ ಫ್ರಾನ್ಸಿಸ್ಕೊದ ಮೇಲಿನ ಮಟ್ಟದ ಸಂಬಳವನ್ನೇ ಕೊಡುತ್ತಾ ಬಂದಿದೆ. ಅಂದರೆ ಊರಿನ ಪ್ರಕಾರ ಸಂಬಳ ಅನ್ನೋದು ಪ್ರಕೃತಿ ನಿಯಮ ಏನಲ್ಲ. ಮನುಷ್ಯರು ಮೀಟಿಂಗ್ ಮಾಡಿ ತೀರ್ಮಾನಿಸಿದ್ದು. ತೀರ್ಮಾನ ಅಂದ ಮೇಲೆ ಅದರಲ್ಲಿ ವಿನಾಯಿತಿ ಕೇಳೋಕೆ ಜಾಗ ಇದ್ದೇ ಇರುತ್ತದೆ.

ಒಂದು ಲೆಕ್ಕ ಬಿಡಿಸಿ ನೋಡೋಣ

ಲೆಕ್ಕಕ್ಕೆ ಒಬ್ಬರನ್ನು ಇಟ್ಟುಕೊಳ್ಳೋಣ. ಹೊರದೇಶದ ಕಂಪನಿಯ ಬೆಂಗಳೂರು ಆಫೀಸಿನಲ್ಲಿ ಸೀನಿಯರ್ ಎಂಜಿನಿಯರ್. ಏಳು ವರ್ಷ ಸರ್ವೀಸ್ ಆಗಿದೆ. ಸಿಟಿಸಿ 32 ಲಕ್ಷ, ಅದರಲ್ಲಿ ಬೇಸಿಕ್ ಅರ್ಧ, ಅಂದರೆ 16 ಲಕ್ಷ. ಪೂರ್ತಿ ರಿಮೋಟ್ ಆಗಿ ಶಿವಮೊಗ್ಗಕ್ಕೆ ಬಂದರು. ಕಂಪನಿ ಬೆಂಗಳೂರನ್ನು ಒಂದನೇ ಜೋನ್ ಮಾಡಿದೆ. ಶಿವಮೊಗ್ಗ ಎರಡನೇ ಜೋನ್, ಗುಣಕ 0.88. ಪತ್ರ ಬಂತು: 12% ಕಡಿತ, ಹೊಸ ಸಿಟಿಸಿ 28.16 ಲಕ್ಷ.

ಮೇಲ್ನೋಟಕ್ಕೆ ಲೆಕ್ಕ ಸರಿಯಾಗಿದೆ. ಈಗ ಬ್ಯಾಂಡ್ ನೋಡಿ. ಇವರ ಹಂತಕ್ಕೆ ಬೆಂಗಳೂರಿನ ಮಿಡ್‌ಪಾಯಿಂಟ್ 36 ಲಕ್ಷ ಅಂದುಕೊಳ್ಳಿ. ಬ್ಯಾಂಡ್ ಕೆಳಗೆ 20%, ಮೇಲೆ 20%, ಅಂದರೆ 28.8 ಲಕ್ಷದಿಂದ 43.2 ಲಕ್ಷದವರೆಗೆ. ನಿಮ್ಮ ಸಂಬಳವನ್ನು ಮಿಡ್‌ಪಾಯಿಂಟ್‌ನಿಂದ ಭಾಗಿಸಿದರೆ ಬರೋದಕ್ಕೆ ಕಾಂಪಾ ರೇಶಿಯೊ ಅಂತಾರೆ. 32ನ್ನು 36ರಿಂದ ಭಾಗಿಸಿದರೆ 0.89. ಇವರು ಬೆಂಗಳೂರಿನ ಲೆಕ್ಕದಲ್ಲೇ ಮಧ್ಯಕ್ಕಿಂತ ಕೆಳಗಿದ್ದರು.

ಎರಡನೇ ಜೋನ್‌ನಲ್ಲಿ ಮಿಡ್‌ಪಾಯಿಂಟ್ 36ರ 88%, ಅಂದರೆ 31.68 ಲಕ್ಷ. ಗರಿಷ್ಠ ಸುಮಾರು 38 ಲಕ್ಷ. ಇವರ ಹಳೆಯ 32 ಲಕ್ಷ ಎಲ್ಲಿ ಕೂರುತ್ತದೆ? ಹೆಚ್ಚುಕಡಿಮೆ ಸರಿಯಾಗಿ ಮಧ್ಯದಲ್ಲಿ, 1.01. ಶಿವಮೊಗ್ಗದ ಬ್ಯಾಂಡ್ ಪ್ರಕಾರವೂ ಇವರಿಗೆ 32 ಲಕ್ಷ ಕೊಡೋಕೆ ಕಂಪನಿಗೆ ಯಾವ ಅಡ್ಡಿಯೂ ಇಲ್ಲ. ನಿಯಮ ಮುರಿಯಬೇಕಿಲ್ಲ, ವಿಶೇಷ ಒಪ್ಪಿಗೆ ಬೇಕಿಲ್ಲ. ಆದರೂ ಕಡಿತ ಯಾಕೆ ಬಂತು? ಯಾರೋ ಎಕ್ಸೆಲ್ ಹಾಳೆಯಲ್ಲಿ ಎಲ್ಲರ ಸಂಬಳವನ್ನೂ 0.88ರಿಂದ ಗುಣಿಸಿದ್ದಾರೆ, ಅಷ್ಟೇ. ಬ್ಯಾಂಡ್ ಇಳಿಯೋದು ಒಂದು, ಸಂಬಳ ಇಳಿಯೋದು ಇನ್ನೊಂದು. ಎರಡೂ ಒಂದೇ ಅಂದುಕೊಂಡು ಗುಣಿಸೋದು ಸುಲಭ, ಅದಕ್ಕೇ ಮಾಡುತ್ತಾರೆ. ನನ್ನ ಕೆಲಸದಲ್ಲಿ ನಾನು ಕಂಡಂತೆ, ಇಡೀ ಮಾತುಕತೆಯಲ್ಲಿ ನೌಕರನ ಕೈಯಲ್ಲಿರುವ ಅತಿ ಬಲವಾದ ಅಂಶ ಇದೇ. ಮತ್ತೆ ಯಾರೂ ಕೇಳದ ಪ್ರಶ್ನೆಯೂ ಇದೇ. ಹಾಗಾಗಿ ಪತ್ರ ಬಂದ ಕೂಡಲೇ ಕೇಳಬೇಕಾದ್ದು, "ನನ್ನ ಹಂತಕ್ಕೆ ಹಳೇ ಜೋನ್ ಬ್ಯಾಂಡ್ ಏನು, ಹೊಸ ಜೋನ್ ಬ್ಯಾಂಡ್ ಏನು, ಎರಡರಲ್ಲೂ ನಾನು ಎಲ್ಲಿದ್ದೇನೆ?" ಕೆಲವು ಕಂಪನಿಗಳು ಬ್ಯಾಂಡ್ ಸಂಖ್ಯೆ ಹೇಳುವುದಿಲ್ಲ. ಆಗ "ನನ್ನ ಈಗಿನ ಸಂಬಳ ಹೊಸ ಬ್ಯಾಂಡಿನ ಗರಿಷ್ಠಕ್ಕಿಂತ ಜಾಸ್ತಿ ಇದೆಯಾ, ಒಳಗೇ ಇದೆಯಾ, ಅಷ್ಟು ಹೇಳಿ" ಅಂತ ಕೇಳಿ. ಇದಕ್ಕೆ ಉತ್ತರ ಕೊಡದೇ ಇರೋದು ಕಷ್ಟ.

ಅದೇ ಹಂತದಲ್ಲಿ ಇನ್ನೊಬ್ಬರಿಗೆ 42 ಲಕ್ಷ ಇದೆ ಅಂತಿಟ್ಟುಕೊಳ್ಳಿ. ಅವರದ್ದು ಹೊಸ ಗರಿಷ್ಠವಾದ 38 ಲಕ್ಷವನ್ನು ದಾಟುತ್ತದೆ. ಅವರಿಗೆ ಈ ವಾದ ನಡೆಯುವುದಿಲ್ಲ. ಆದರೆ ಅದಕ್ಕೂ ಸಂಬಳ ವಿಭಾಗದಲ್ಲಿ ಹಳೆಯ ಪದ್ಧತಿ ಇದೆ, ರೆಡ್ ಸರ್ಕಲ್ ಅಂತಾರೆ. ಸಂಬಳ ಇಳಿಸುವುದಿಲ್ಲ, ಬ್ಯಾಂಡ್ ಏರಿ ಅದನ್ನು ಮುಟ್ಟುವವರೆಗೂ ಹೈಕ್ ಕೊಡುವುದಿಲ್ಲ. ಕೈಗೆ ಬರುತ್ತಿದ್ದ ದುಡ್ಡು ಕಡಿಮೆ ಆಗದೇ ಕಂಪನಿಗೂ ತನ್ನ ಲೆಕ್ಕ ಸರಿಹೋಗುತ್ತದೆ.

ಈ ತಡೆಹಿಡಿಯುವ ದಾರಿ ಕಂಪನಿಗೆ ಎಷ್ಟು ಅಗ್ಗ ಅಂತ ನಮ್ಮ 32 ಲಕ್ಷದವರ ಲೆಕ್ಕದಲ್ಲೇ ನೋಡಿ. ವರ್ಷಕ್ಕೆ 8% ಹೈಕ್ ಅಂತಿಟ್ಟುಕೊಂಡರೆ, ಕಡಿತ ಆದ ಸಂಬಳ ಮೊದಲ ವರ್ಷ 28.16, ಎರಡನೇ ವರ್ಷ 30.41, ಮೂರನೇ ವರ್ಷ 32.85 ಲಕ್ಷ. ಕಡಿತ ಮಾಡದೆ ಸುಮ್ನೆ ಎರಡು ವರ್ಷ 32ಕ್ಕೇ ನಿಲ್ಲಿಸಿದ್ದರೆ ಮೂರನೇ ವರ್ಷಕ್ಕೆ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ಕಂಪನಿಗೆ ಹೆಚ್ಚು ಬೀಳೋದು ಮೊದಲ ವರ್ಷ 3.84 ಲಕ್ಷ, ಎರಡನೇ ವರ್ಷ 1.59 ಲಕ್ಷ, ಒಟ್ಟು 5.43 ಲಕ್ಷ. ಇದೇ ವ್ಯಕ್ತಿ ಬಿಟ್ಟುಹೋದರೆ? ಏಜೆನ್ಸಿ ಮೂಲಕ ಇನ್ನೊಬ್ಬರನ್ನು ತಂದರೆ ಕಮಿಷನ್ ವಾರ್ಷಿಕ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ, ಇದು ನಮ್ಮಲ್ಲಿ ಸಾಮಾನ್ಯ ದರ. ಸುಮಾರು 2.67 ಲಕ್ಷ ಅಲ್ಲಿಗೇ ಹೋಯಿತು. ಬರುವವರ ನೋಟಿಸ್ ಪೀರಿಯಡ್ ಎಷ್ಟೋ ಕಡೆ ಮೂರು ತಿಂಗಳು. ಬಂದ ಮೇಲೆ ಕೆಲಸ ಕಲಿಯೋಕೆ ಇನ್ನೂ ಕೆಲವು ತಿಂಗಳು. ಹೊಸಬರು ಬೆಂಗಳೂರಿನವರೇ ಆದರೆ ಅವರಿಗೆ ಒಂದನೇ ಜೋನ್ ಸಂಬಳ. ಉಳಿತಾಯ ಎಲ್ಲಿ ಬಂತು? ಈ ಲೆಕ್ಕವನ್ನು ನೀವೇ ಒಂದು ಪುಟದಲ್ಲಿ ಬರೆದು ಮ್ಯಾನೇಜರ್ ಕೈಗೆ ಕೊಡಿ. ಅವರು ಮೇಲಿನವರ ಹತ್ತಿರ ವಿನಾಯಿತಿ ಕೇಳುವಾಗ ಅವರಿಗೆ ಬೇಕಾಗೋದು ಇದೇ ಪುಟ.

ನಿಮ್ಮ ಕಡೆಯ ನಷ್ಟವನ್ನೂ ಸರಿಯಾಗಿ ಅಳೆಯಿರಿ. ತಿಂಗಳಿಗೆ 32,000 ಕಡಿಮೆ. ಈ ಸಂಬಳಕ್ಕೆ ಮೇಲಿನ ಸ್ಲ್ಯಾಬ್ ತೆರಿಗೆ ಸೆಸ್ ಸೇರಿ 31.2% ಇರುವುದರಿಂದ ಕೈಗೆ ಬರೋದರಲ್ಲಿ ಸುಮಾರು 22,000 ಕಡಿಮೆ. ಬೆಂಗಳೂರಿನ ಬಾಡಿಗೆ 30,000 ಉಳಿಯುತ್ತಿದ್ದರೆ ತಿಂಗಳ ಕೊನೆಯಲ್ಲಿ ಜೇಬಿನಲ್ಲಿ ಜಾಸ್ತಿಯೇ ಉಳಿಯುತ್ತದೆ. ಇದನ್ನು ನೋಡಿಯೇ ಜನ ಬೇಗ ಸಹಿ ಹಾಕುತ್ತಾರೆ. ಆದರೆ ಮುಂದಿನ ಹೈಕ್‌ಗಳೆಲ್ಲ ಇಳಿದ ಸಂಬಳದ ಮೇಲೇ ಕೂರುತ್ತವೆ. 8% ಲೆಕ್ಕದಲ್ಲಿ ಐದು ವರ್ಷಕ್ಕೆ ಒಟ್ಟು ವ್ಯತ್ಯಾಸ ತೆರಿಗೆಗೆ ಮುಂಚೆ 22 ಲಕ್ಷ ದಾಟುತ್ತದೆ. ಮುಂದಿನ ಕಂಪನಿ "ಈಗ ಎಷ್ಟಿದೆ" ಅಂತ ಕೇಳಿದಾಗ ಹೇಳೋದೂ ಇಳಿದ ಸಂಖ್ಯೆಯನ್ನೇ.

ಇನ್ನೊಂದು ನಷ್ಟ ತುಂಬಾ ಜನರಿಗೆ ಕಾಣುವುದೇ ಇಲ್ಲ. ಗ್ರಾಚ್ಯುಟಿ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ ತಗೊಂಡು, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಎಷ್ಟು ವರ್ಷ ಸರ್ವೀಸ್ ಆಗಿದೆಯೋ ಅದರಿಂದ ಗುಣಿಸೋದು ಅದರ ಸೂತ್ರ. ಕೊನೆಯ ಸಂಬಳ ಅನ್ನೋದನ್ನು ಗಮನಿಸಿ. ಇವರ ಬೇಸಿಕ್ ತಿಂಗಳಿಗೆ 1,33,333. ಏಳು ವರ್ಷಕ್ಕೆ ಗ್ರಾಚ್ಯುಟಿ ಸುಮಾರು 5.38 ಲಕ್ಷ. ಬೇಸಿಕ್‌ನಲ್ಲೂ 12% ಇಳಿಸಿದರೆ ಅದು 4.74 ಲಕ್ಷಕ್ಕೆ ಬರುತ್ತದೆ. ಬೆಂಗಳೂರಿನ ಆಫೀಸಿಗೆ ಟ್ರಾಫಿಕ್‌ನಲ್ಲಿ ಓಡಾಡಿ ದುಡಿದ ಏಳು ವರ್ಷದ ಗಳಿಕೆಯೂ ಶಿವಮೊಗ್ಗದ ರೇಟಿಗೆ ಇಳಿಯಿತು. ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ಟುವ ಕಂಪನಿ ಆದರೆ ಅಲ್ಲೂ ಇಳಿಯುತ್ತದೆ.

ಇದಕ್ಕೆ ಮಾದರಿ ಬೇಕು ಅಂದರೆ ನಮ್ಮ ಕೇಂದ್ರ ಸರ್ಕಾರದ ಪದ್ಧತಿ ನೋಡಿ. ಅವರೂ ಊರಿನ ಪ್ರಕಾರ ಬೇರೆ ಬೇರೆ ಕೊಡುತ್ತಾರೆ. ಬೆಂಗಳೂರು ಎಕ್ಸ್ ವರ್ಗ, ಮೈಸೂರು ಮಂಗಳೂರು ಹುಬ್ಬಳ್ಳಿ ವೈ ವರ್ಗ, ಶಿವಮೊಗ್ಗ ಜೆಡ್. ಏಳನೇ ವೇತನ ಆಯೋಗದ ಪದ್ಧತಿಯಲ್ಲಿ ಡಿಎ 50% ಮುಟ್ಟಿದ ಮೇಲೆ ಮನೆ ಬಾಡಿಗೆ ಭತ್ಯೆ ಕ್ರಮವಾಗಿ ಬೇಸಿಕ್‌ನ 30, 20, 10%. ಬೇಸಿಕ್ 60,000 ಇರುವ ನೌಕರನಿಗೆ ಬೆಂಗಳೂರಿನಲ್ಲಿ 18,000 ಭತ್ಯೆ, ಶಿವಮೊಗ್ಗದಲ್ಲಿ 6,000. ಬದಲಾಗೋದು ಇಂಥ ಭತ್ಯೆಗಳು ಮಾತ್ರ. ಬೇಸಿಕ್ ಮುಟ್ಟುವುದಿಲ್ಲ, ಹಾಗಾಗಿ ಗ್ರಾಚ್ಯುಟಿ, ಮುಂದಿನ ಬಡ್ತಿ ಯಾವುದೂ ಕೆಡುವುದಿಲ್ಲ. ವಾಪಸ್ ಬೆಂಗಳೂರಿಗೆ ವರ್ಗ ಆದರೆ ಭತ್ಯೆ ತಾನಾಗಿಯೇ ಏರುತ್ತದೆ. ಖಾಸಗಿ ಕಂಪನಿಗೂ ನೀವು ಇದನ್ನೇ ಹೇಳಬಹುದು. ಇಳಿಸಲೇಬೇಕು ಅಂತಿದ್ದರೆ ಸ್ಪೆಷಲ್ ಅಲೊವೆನ್ಸ್‌ನಲ್ಲಿ ಇಳಿಸಿ, ಬೇಸಿಕ್ ಹಾಗೇ ಇರಲಿ. ಇದಕ್ಕೆ ಒಪ್ಪುವ ಕಂಪನಿಗಳು ಇವೆ, ಯಾಕೆಂದರೆ ಒಟ್ಟು ಮೊತ್ತ ಅವರು ಹೇಳಿದಷ್ಟೇ ಆಗುತ್ತದೆ.

ಮಾತಾಡೋದು ಹೇಗೆ

ಎಲ್ಲಕ್ಕಿಂತ ಒಳ್ಳೆಯ ಸಮಯ ಅಂದರೆ ಮನೆ ಖಾಲಿ ಮಾಡುವ ಮುಂಚೆ. ಲಾರಿಗೆ ಸಾಮಾನು ಹಾಕಿ, ಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಿ, ಆಮೇಲೆ ಕೇಳಿದರೆ ನೀವು ಹಿಂದೆ ಹೋಗೋಕೆ ಆಗಲ್ಲ ಅಂತ ಅವರಿಗೂ ಗೊತ್ತಿರುತ್ತದೆ. ಹೋಗುವ ಮುಂಚೆ "ಹೋದರೆ ಸಂಬಳದಲ್ಲಿ ಏನಾದರೂ ಬದಲಾವಣೆ ಇದೆಯಾ" ಅಂತ ಈಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಬಡ್ತಿ ಹತ್ತಿರದಲ್ಲಿದ್ದರೆ ಅದು ಕಾಗದದ ಮೇಲೆ ಬರುವವರೆಗೂ ಕಾಯಿರಿ. ಹಂತ ಒಂದು ಮೇಲೆ ಹೋದರೆ ಎರಡನೇ ಜೋನ್ ಬ್ಯಾಂಡ್ ಕೂಡ ನಿಮ್ಮ ಹಳೇ ಸಂಬಳಕ್ಕಿಂತ ಮೇಲೆ ಇರುವ ಸಾಧ್ಯತೆ ಜಾಸ್ತಿ.

ಪತ್ರ ಈಗಾಗಲೇ ಬಂದಿದ್ದರೆ, ಮೊದಲು "ಸರಿ" ಅಂತ ಉತ್ತರ ಕಳಿಸಬೇಡಿ. ಪತ್ರ ತಲುಪಿದೆ, ನೋಡಿ ಹೇಳುತ್ತೇನೆ ಅಂತಷ್ಟೇ ಬರೆಯಿರಿ. ಏನೂ ಹೇಳದೆ ಇಳಿದ ಸಂಬಳ ತಗೊಂಡು ಕೆಲಸ ಮಾಡುತ್ತಾ ಹೋದರೆ ಮುಂದೆ "ನೀವು ಒಪ್ಪಿದ್ದೀರಲ್ಲ" ಅಂತ ವಾದ ಮಾಡಬಹುದು. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. ಕೆಲಸದ ಜಾಗ ಅಂತ ಏನು ಬರೆದಿದೆ, ಸಂಬಳ ಬದಲಿಸುವ ಬಗ್ಗೆ ಏನು ಬರೆದಿದೆ, ಮನೆಯಿಂದ ಕೆಲಸಕ್ಕೆ ಒಪ್ಪಿಗೆ ಕೊಟ್ಟಾಗ ಬಂದ ಈಮೇಲ್‌ನಲ್ಲಿ ಷರತ್ತು ಇತ್ತಾ. ಆಮೇಲೆ ಮೊದಲು ಮ್ಯಾನೇಜರ್ ಹತ್ತಿರ ಹೋಗಿ, ಎಚ್‌ಆರ್ ಹತ್ತಿರ ಅಲ್ಲ. ನಿಮ್ಮ ಸಂಬಳ ಇಳಿದರೆ ಮ್ಯಾನೇಜರ್‌ಗೆ ಸಾಮಾನ್ಯವಾಗಿ ಏನೂ ಲಾಭ ಇಲ್ಲ, ನೀವು ಬಿಟ್ಟರೆ ಮಾತ್ರ ತಲೆನೋವು. ವಿನಾಯಿತಿ ಅರ್ಜಿ ಶುರು ಆಗಬೇಕಾದ್ದೂ ಎಷ್ಟೋ ಕಂಪನಿಗಳಲ್ಲಿ ಅವರಿಂದಲೇ.

ಬರೆಯೋದು ಇಂಗ್ಲಿಷಿನಲ್ಲೇ ಬರೆಯುತ್ತೀರಿ, ವಿಷಯ ಮಾತ್ರ ಹೀಗಿರಲಿ:

"ಲೊಕೇಶನ್ ಪಾಲಿಸಿ ಓದಿದೆ. ನನ್ನ ಕೆಲಸ, ಜವಾಬ್ದಾರಿ, ಟೀಮು ಯಾವುದೂ ಬದಲಾಗಿಲ್ಲ. ನನ್ನ ಈಗಿನ ಸಂಬಳ ಎರಡನೇ ಜೋನ್ ಬ್ಯಾಂಡಿನ ಒಳಗೇ ಇದೆ ಅಂತ ತಿಳಿದಿದ್ದೇನೆ, ದಯವಿಟ್ಟು ಖಚಿತಪಡಿಸಿ. ಒಳಗೇ ಇದ್ದರೆ ಸಂಬಳ ಇಳಿಸದೆ ಹೊಸ ಬ್ಯಾಂಡಿಗೆ ಸೇರಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಅದು ಆಗದಿದ್ದರೆ ಎರಡು ವರ್ಷ ಹೈಕ್ ಇಲ್ಲದೆ ಇದೇ ಸಂಬಳದಲ್ಲಿ ಇರಲು ಸಿದ್ಧ. ಎರಡನೇ ಜೋನ್ ಗುಣಕಕ್ಕೆ ಯಾವ ಮಾಹಿತಿ ಆಧಾರ ಅಂತಲೂ ತಿಳಿಸಿ. ಉತ್ತರ ಬರುವವರೆಗೆ ಕಡಿತ ತಡೆಹಿಡಿಯಿರಿ."

ಗುಣಕದ ಆಧಾರ ಕೇಳೋದು ಸುಮ್ನೆ ಅಲ್ಲ. ಒಂದು ಊರಿನಲ್ಲಿ ಮಾಹಿತಿ ಕೊಡುವ ಕಂಪನಿಗಳು ತೀರಾ ಕಡಿಮೆ ಇದ್ದರೆ ಸಮೀಕ್ಷೆಗಳು ಆ ಊರಿನ ಸಂಖ್ಯೆ ಕೊಡುವುದೇ ಇಲ್ಲ, ಯಾಕೆಂದರೆ ಯಾರ ಸಂಬಳ ಅಂತ ಗೊತ್ತಾಗಿಬಿಡುತ್ತದೆ. ಶಿವಮೊಗ್ಗದಲ್ಲಿ ಸೀನಿಯರ್ ಬ್ಯಾಕೆಂಡ್ ಎಂಜಿನಿಯರ್‌ಗೆ ಮಾರ್ಕೆಟ್ ರೇಟ್ ಇದು ಅಂತ ಹೇಳೋಕೆ ಬೇಕಾದಷ್ಟು ಕಂಪನಿಗಳು ಇಲ್ಲಿ ಎಲ್ಲಿವೆ? ಹೀಗಿದ್ದಾಗ "ಉಳಿದ ಭಾರತ" ಅಂತ ಒಂದು ಜೋನ್ ಮಾಡಿ ಒಂದು ಅಂದಾಜು ಶೇಕಡಾ ಹಾಕೋದು ಉಂಟು. ನಿಮ್ಮ ವಾದ ಇಲ್ಲಿ ಗಟ್ಟಿ ಆಗುತ್ತದೆ. ಕಂಪನಿಯವರೇ ಸಂಬಳ ಅಂದರೆ ಮಾರ್ಕೆಟ್ ಬೆಲೆ ಅಂತಾರೆ. ಹಾಗಾದರೆ ನನ್ನನ್ನು ಕೆಲಸಕ್ಕೆ ತಗೊಳ್ಳೋರು ಯಾರು? ಶಿವಮೊಗ್ಗದ ಅಂಗಡಿಯವರಲ್ಲ. ದೇಶದ ಎಲ್ಲಿಂದಲಾದರೂ ಜನ ತಗೊಳ್ಳುವ ರಿಮೋಟ್ ಕಂಪನಿಗಳು. ಅವರು ಕೊಡುವ ಬೆಲೆಯೇ ನನ್ನ ಮಾರ್ಕೆಟ್ ಬೆಲೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಪೂರ್ತಿ ರಿಮೋಟ್ ಕೆಲಸಕ್ಕೆ, ಶಿವಮೊಗ್ಗದ ವಿಳಾಸ ಹೇಳಿಯೇ ಬಂದ ಒಂದು ಆಫರ್ ಇದ್ದರೆ ಬೇರೆ ಯಾವ ಮಾತೂ ಬೇಡ. ಆದರೆ ಆಫರ್ ಇಲ್ಲದೆ ಇದೆ ಅಂತ ಹೇಳಬೇಡಿ. "ಹಾಗಾದರೆ ಹೋಗಿ ಬನ್ನಿ" ಅಂದರೆ ಮುಂದೆ ಮಾತಿಲ್ಲ.

ಅದೇ ಜೋನ್‌ನಲ್ಲಿ ಇನ್ನೂ ಜನ ಇದ್ದರೆ ಒಟ್ಟಿಗೆ ಕೇಳಿ. ಒಬ್ಬರು ಕೇಳಿದರೆ ಅದು ವಿನಾಯಿತಿ ಅರ್ಜಿ. ಹತ್ತು ಜನ ಅದೇ ಪ್ರಶ್ನೆಯನ್ನು ಅದೇ ವಾರ ಕೇಳಿದರೆ ಗುಣಕವನ್ನೇ ಮತ್ತೆ ನೋಡಬೇಕಾಗುತ್ತದೆ.

ಬಂದ ಪ್ರಶ್ನೆಗಳು

ಒಬ್ಬರು ಕೇಳಿದರು: "ಸರ್, ಬೆಂಗಳೂರಿನಲ್ಲಿ ಅಣ್ಣನ ಮನೆ ಇದೆ. ಅದೇ ಅಡ್ರೆಸ್ ಕೊಟ್ಟು ಸುಮ್ನೆ ಇದ್ದುಬಿಟ್ಟರೆ ಏನು ತಪ್ಪು?"

ಬೇಡ. ನೀವು ಎಲ್ಲಿಂದ ಲಾಗಿನ್ ಆಗುತ್ತೀರಿ ಅಂತ ಐಟಿ ವಿಭಾಗಕ್ಕೆ ಕಾಣುತ್ತದೆ, ವಿಪಿಎನ್ ಹಾಕಿದರೂ ಅದೇ ಒಂದು ಗುರುತು. ಸಿಕ್ಕಿಬಿದ್ದರೆ ಚರ್ಚೆ ಸಂಬಳದ್ದಲ್ಲ, ಸುಳ್ಳು ಮಾಹಿತಿ ಕೊಟ್ಟಿದ್ದರದ್ದು ಆಗುತ್ತದೆ. 12% ಕಡಿತದ ಜಾಗದಲ್ಲಿ ಕೆಲಸವೇ ಹೋಗಬಹುದು, ರಿಲೀವಿಂಗ್ ಲೆಟರ್‌ಗೂ ತೊಂದರೆ. ಅಮೆರಿಕದಲ್ಲಿ ಇರುವವರಿಗಂತೂ ರಾಜ್ಯದ ತೆರಿಗೆ ಎಲ್ಲಿ ಕಟ್ಟಬೇಕು ಅನ್ನೋದೇ ಇದರ ಮೇಲೆ ನಿಂತಿರುತ್ತದೆ.

ಸಾಗರದ ಕಡೆಯ ಒಬ್ಬ ತಂಗಿ ಕೇಳಿದಳು: "ಕಾನೂನಿನಲ್ಲಿ ಇದಕ್ಕೆ ತಡೆ ಇಲ್ವಾ ಸರ್?"

ಸ್ವಲ್ಪ ಇದೆ, ಎಲ್ಲರಿಗೂ ಇಲ್ಲ. ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮು, ನೌಕರನ ಸಂಬಳದ ಷರತ್ತು ಬದಲಿಸುವ ಮುಂಚೆ 21 ದಿನದ ನೋಟಿಸ್ ಕೊಡಬೇಕು ಅನ್ನುತ್ತಿತ್ತು. ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ನೋಟಿಸ್ ಇದೆ. ಆದರೆ ಅದು ಕಾನೂನಿನ ಅರ್ಥದಲ್ಲಿ ಕಾರ್ಮಿಕ ಅನಿಸಿಕೊಳ್ಳುವವರಿಗೆ. ಮ್ಯಾನೇಜರ್ ಕೆಲಸ ಮಾಡುವವರು ಹೊರಗೆ. ಹುದ್ದೆಯ ಹೆಸರಿಗಿಂತ ನೀವು ದಿನಾ ಮಾಡುವ ಕೆಲಸ ಏನು ಅನ್ನೋದು ಇಲ್ಲಿ ಮುಖ್ಯ. ಮೊತ್ತ ದೊಡ್ಡದಿದ್ದರೆ ಸಹಿ ಹಾಕುವ ಮುಂಚೆ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ಅಪಾಯಿಂಟ್‌ಮೆಂಟ್ ಲೆಟರ್ ತೋರಿಸಿ. ಸಹಿ ಆದ ಮೇಲೆ ಅವರಿಗೆ ಹೇಳೋಕೆ ಹೆಚ್ಚೇನೂ ಉಳಿಯುವುದಿಲ್ಲ.

"ನನ್ನ ತಮ್ಮ ಸ್ಯಾನ್ ಹೊಸೆಯಲ್ಲಿ ಎಚ್‌1ಬಿ ಮೇಲೆ ಇದ್ದಾನೆ, ನಾರ್ತ್ ಕೆರೊಲಿನಾಕ್ಕೆ ಹೋಗಬೇಕು ಅಂತಾನೆ, ಅವನಿಗೂ ಇದೇ ಲೆಕ್ಕಾನಾ?" ಅಂತ ಇನ್ನೊಬ್ಬರು ಕೇಳಿದರು.

ಅವನಿಗೆ ಇನ್ನೊಂದು ಲೆಕ್ಕ ಮೊದಲು ಬರುತ್ತದೆ. ಎಚ್‌1ಬಿ ಅರ್ಜಿಯ ಜೊತೆಗಿರುವ ಎಲ್‌ಸಿಎ ಅನ್ನೋ ಕಾಗದದಲ್ಲಿ ಕೆಲಸದ ಜಾಗ ಮತ್ತು ಆ ಜಾಗದ ಕನಿಷ್ಠ ಸಂಬಳ ಬರೆದಿರುತ್ತದೆ. ಮನೆಯಿಂದ ಕೆಲಸ ಅಂದರೆ ಮನೆಯೇ ಕೆಲಸದ ಜಾಗ. ಬೇರೆ ಮಹಾನಗರ ಪ್ರದೇಶಕ್ಕೆ ಹೋಗುವ ಮುಂಚೆ ಕಂಪನಿ ಹೊಸ ಎಲ್‌ಸಿಎ ಮಾಡಿಸಿ ತಿದ್ದುಪಡಿ ಅರ್ಜಿ ಹಾಕಬೇಕು, 2015ರ ಸಿಮಿಯೊ ತೀರ್ಪಿನಿಂದ ಇದು ಸ್ಪಷ್ಟ ಆಗಿದೆ. ಹೊಸ ಊರಿನ ಕನಿಷ್ಠ ಸಂಬಳಕ್ಕಿಂತ ಕೆಳಗೆ ಕಂಪನಿ ಇಳಿಸುವಂತಿಲ್ಲ. ಅದೇ ಜಾಗದಲ್ಲಿ ಅಂಥದೇ ಕೆಲಸ ಮಾಡುವ ಬೇರೆಯವರಿಗೆ ಕೊಡೋದಕ್ಕಿಂತಲೂ ಇಳಿಸುವಂತಿಲ್ಲ. ಹಾಗಾಗಿ ಅವನು ಮೊದಲು ಮಾತಾಡಬೇಕಾದ್ದು ಕಂಪನಿಯ ಇಮಿಗ್ರೇಶನ್ ವಕೀಲರ ಹತ್ತಿರ, ಆಮೇಲೆ ಎಚ್‌ಆರ್. ಅಲ್ಲಿ ಅವನಿಗೆ ಒಂದು ಅನುಕೂಲವೂ ಇದೆ. ಕೊಲೊರಾಡೊ 2021ರಿಂದ, ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ 2023ರಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹಾಕಬೇಕು ಅಂತ ಕಾನೂನು ಮಾಡಿವೆ. ತನ್ನದೇ ಕಂಪನಿಯ ಜಾಹೀರಾತು ತೆಗೆದು ನೋಡಿದರೆ ತನ್ನ ಹಂತದ ಬ್ಯಾಂಡ್ ಸಿಗುತ್ತದೆ. ನಾವು ಇಲ್ಲಿ ಕೇಳಿ ಕೇಳಿ ಪಡೆಯಬೇಕಾದ್ದು ಅವನಿಗೆ ವೆಬ್‌ಸೈಟಿನಲ್ಲೇ ಇದೆ.

ಕೊನೆಯ ಪ್ರಶ್ನೆ ಹಿರಿಯರೊಬ್ಬರದ್ದು, ಅವರ ಮಗಳು ಊರಿಗೆ ಬಂದಿದ್ದಾಳೆ: "ಎಲ್ಲಾ ಕೇಳಿ ಆಯಿತು, ಅವರು ಒಪ್ಪಲಿಲ್ಲ. ಅವಳಿಗೆ ಊರು ಬಿಡೋಕೆ ಮನಸ್ಸಿಲ್ಲ. ಸಹಿ ಹಾಕಬಹುದಾ?"

ಹಾಕಬಹುದು. ಅಪ್ಪ ಅಮ್ಮನ ಜೊತೆ ಇರೋದಕ್ಕೆ ತಿಂಗಳಿಗೆ 22,000 ಬಿಡೋಕೆ ಮಗಳು ಸಿದ್ಧ ಇದ್ದರೆ ಅದು ಅವಳ ತೀರ್ಮಾನ, ಅದರಲ್ಲಿ ಸೋಲು ಏನಿಲ್ಲ. ಆದರೆ ಸಹಿ ಹಾಕುವ ಕಾಗದದಲ್ಲಿ ನಾಲ್ಕು ಸಾಲು ಸೇರಿಸಲು ಹೇಳಿ. ಕಡಿತ ಮುಂದಿನ ಅಪ್ರೈಸಲ್ ದಿನದಿಂದ, ಅದಕ್ಕೂ ಹಿಂದಿನ ದಿನಾಂಕದಿಂದ ಅಲ್ಲ. ಬೇಸಿಕ್ ಹಾಗೇ ಇರುತ್ತದೆ, ಇಳಿಯೋದು ಅಲೊವೆನ್ಸ್ ಮಾತ್ರ. ಈಗಾಗಲೇ ಕೊಟ್ಟಿರುವ ಷೇರುಗಳನ್ನು ಮುಟ್ಟುವುದಿಲ್ಲ. ಮತ್ತೆ ಬೆಂಗಳೂರಿಗೆ ವಾಪಸ್ ಬಂದರೆ, ಅಥವಾ ಕಂಪನಿಯೇ ಆಫೀಸಿಗೆ ಬನ್ನಿ ಅಂತ ಕರೆದರೆ, ಒಂದನೇ ಜೋನ್ ಸಂಬಳ ಅದೇ ತಿಂಗಳಿನಿಂದ ವಾಪಸ್ ಬರುತ್ತದೆ. ಈ ನಾಲ್ಕನೆಯದನ್ನು ಮಾತ್ರ ಬಿಡಬೇಡಿ. ಇಳಿಸುವಾಗ ಪಾಲಿಸಿ ತೋರಿಸಿದವರು ಏರಿಸುವ ದಿನ ಬಂದಾಗ "ಬಜೆಟ್ ನೋಡಬೇಕು" ಅಂದಿದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ, ಮತ್ತು ಕಾಗದದಲ್ಲಿ ಬರೆದಿದ್ದವರಿಗೆ ಮಾತ್ರ ಆ ಮಾತು ಅನ್ವಯ ಆಗಲಿಲ್ಲ.